ಟ್ಯೂಬು ಬಿಟ್ಟ ಸೊಸೆ, ಕೆಂಪಾದ ಮಾರಿ

ಕುಷ್ಟಗಿ ತಾಲ್ಲೂಕಿನ ತಾವರಗೇರಾದಲ್ಲಿ ಒಂದು ಮನೆ ಇದೆ ಎಂದಿಟ್ಟುಕೊಳ್ಳೋಣ. ಈ ಮನೆ, ಇದರೊಳಗಿನ ಅತ್ತೆ, ಸೊಸೆ, ಗಂಡ, ನಾದಿನಿ ಎಲ್ಲರೂ ಕತೆಗಾಗಿ ಕಟ್ಟಿಕೊಂಡವರು. ಗೋಡೆಗೆ ತೂಗುಹಾಕಿದ ಕನ್ನಡಿಯ ಹಿಂದೆ ಸೊಸೆ ಸಿಕ್ಕಿಸಿಟ್ಟ ಟ್ಯೂಬು ಮಾತ್ರ ಕಟ್ಟುಕತೆಯದ್ದಲ್ಲ. ಅಂಥ ಟ್ಯೂಬುಗಳು ನಮ್ಮ ಊರುಗಳ ಎಷ್ಟೋ ಮನೆಗಳಲ್ಲಿವೆ. ಹದಿನೈದು ಗ್ರಾಂ ತೂಕದ, ಕಿರುಬೆರಳಿನಷ್ಟು ಉದ್ದದ ಅದರ ಮೇಲೆ ಇಂಗ್ಲಿಷಿನಲ್ಲಿ ಇರುವೆ ಸಾಲಿನಂಥ ಅಕ್ಷರಗಳು. ಸೊಸೆಗೆ ಅದನ್ನು ಕೊಟ್ಟವಳು ಮದುವೆಗೆ ಮುಂಚೆ ತವರಿನ ಓಣಿಯ ಗೆಳತಿ. ‘ರಾತ್ರಿ ಹಚ್ಚಿಗೊಂಡು ಮಲಕೋ, ಹದಿನೈದು ದಿನದಾಗ ನೀನಽ ನೋಡ್ತಿ’ ಎಂದಿದ್ದಳು. ಗೆಳತಿಯ ಮಾತು ಸುಳ್ಳಾಗಲಿಲ್ಲ. ಹದಿನೈದು ದಿನಕ್ಕೆ ಮುಖ ತಿಳಿಯಾಯಿತು, ಮೊಡವೆಯ ಕಲೆ ಹೋಯಿತು, ಕೆನ್ನೆ ನುಣುಪಾಯಿತು. ಆ ಮುಖದ ಫೋಟೊ ವಾಟ್ಸ್‌ಆ್ಯಪ್‌ನಲ್ಲಿ ಗಂಡಿನ ಮನೆಗೆ ಹೋಯಿತು, ಒಪ್ಪಿಗೆಯೂ ಆಯಿತು.

ಮದುವೆಯಾಗಿ ಎರಡು ವರ್ಷ. ಈಗ ಆಕೆ ಕೂಸಿನ ಯೋಚನೆಯಲ್ಲಿದ್ದಾಳೆ. ಮನೆಗೆ ಬಂದ ನರ್ಸಮ್ಮ ಆ ಟ್ಯೂಬನ್ನು ತಿರುಗಿಸಿ ನೋಡಿ, ‘ಇದರಾಗ ಬಸರಾದವ್ರಿಗೆ ಆಗದ ಔಷಧ ಐತಿ, ಮೊದಲ ಬಿಟ್ಟುಬಿಡು’ ಎಂದಳು. ಸೊಸೆ ಅಂದು ರಾತ್ರಿಯೇ ಬಿಟ್ಟಳು. ಯಾರನ್ನೂ ಕೇಳಲಿಲ್ಲ, ಯಾರಿಗೂ ಹೇಳಲಿಲ್ಲ. ಮುಖಕ್ಕೆ ಹಚ್ಚುವ ಕ್ರೀಮು ಬಿಡುವುದಕ್ಕೆ ಯಾರನ್ನು ಕೇಳಬೇಕು?

ಮೂರನೆಯ ದಿನ ಮುಖದ ಚರ್ಮ ಬಿಗಿದಂತಾಯಿತು. ರೊಟ್ಟಿ ಬಡಿಯಲು ಒಲೆಯ ಮುಂದೆ ಕೂತರೆ ಕೆನ್ನೆ ಚುರುಚುರು. ಆರನೆಯ ದಿನಕ್ಕೆ ಕೆನ್ನೆ, ಗದ್ದ, ಹಣೆ ಕೆಂಪಾದವು. ಖಾರ ಸವರಿದಂತೆ ಉರಿ. ಎರಡನೆಯ ವಾರ ಕೆಂಪಿನ ಮೇಲೆ ಸಣ್ಣ ಸಣ್ಣ ಗುಳ್ಳೆಗಳೆದ್ದವು, ಎಲ್ಲವೂ ಒಂದೇ ಅಳತೆಯವು, ಕೆಲವಕ್ಕೆ ಕೀವಿನ ತುದಿ. ಮುಖ ಊದಿಕೊಂಡಿತ್ತು. ಅತ್ತೆ ನೋಡಿದವಳೇ ಕೇಳಿದ್ದು ಒಂದೇ ಮಾತು: ‘ಯವ್ವಾ, ಮಾರಿಗೆ ಏನಾತಬೇ ನಿಂದು? ಆ ಟ್ಯೂಬು ಬಿಟ್ಟಿಯೇನು?’

ಸೌಂದರ್ಯದ ಬಗ್ಗೆ ನಾವು ಬರೆಯುವ ಲೇಖನಗಳು ಸಾಮಾನ್ಯವಾಗಿ ಇಲ್ಲಿಂದ ಒಂದು ಗೊತ್ತಾದ ದಾರಿ ಹಿಡಿಯುತ್ತವೆ. ಅತ್ತೆಗೆ ಬಿಳುಪಿನ ಹುಚ್ಚು, ಗಂಡನಿಗೆ ತಿಳಿವಳಿಕೆ ಇಲ್ಲ, ಸೊಸೆ ಧೈರ್ಯವಂತೆ. ಈ ಮನೆಯಲ್ಲಿ ನಡೆದದ್ದು ಅಷ್ಟು ಸರಳವಾಗಿಲ್ಲ. ಅತ್ತೆಯ ಕಣ್ಣಮುಂದೆ ಒಂದು ಸಾಕ್ಷ್ಯವಿದೆ: ಹಚ್ಚುವಾಗ ಮುಖ ಚೆನ್ನಾಗಿತ್ತು, ಬಿಟ್ಟ ಮೇಲೆ ಕೆಟ್ಟಿತು. ಯಾರೇ ಆದರೂ ‘ಹಂಗಾರ ಮತ್ತ ಹಚ್ಚು’ ಎಂದೇ ಹೇಳುತ್ತಾರೆ. ಹಚ್ಚಿದರೆ ಎರಡು ದಿನದಲ್ಲಿ ಉರಿ ಇಳಿಯುತ್ತದೆ, ಕೆಂಪು ಹೋಗುತ್ತದೆ. ಅತ್ತೆಯ ಮಾತೇ ನಿಜವಾಯಿತಲ್ಲ! ಈ ಔಷಧದ ದೊಡ್ಡ ಮೋಸ ಇದು. ಬಿಡುವವಳ ವಿರುದ್ಧ ಅವಳ ಮುಖವೇ ಸಾಕ್ಷಿ ಹೇಳುತ್ತದೆ.

ಆ ಟ್ಯೂಬಿನಲ್ಲಿ ಏನಿದೆ ಎಂದು ಈಗ ನೋಡೋಣ. ಹೈಡ್ರೋಕ್ವಿನೋನ್ ನೂರಕ್ಕೆ 2 ಭಾಗ, ಟ್ರೆಟಿನಾಯಿನ್ 0.025, ಮೊಮೆಟಾಸೋನ್ 0.1. ಮೊದಲನೆಯದು ಚರ್ಮದಲ್ಲಿ ಬಣ್ಣ ತಯಾರಾಗುವುದನ್ನು ತಡೆಯುತ್ತದೆ. ಎರಡನೆಯದು ಮೇಲ್ಪದರವನ್ನು ಬೇಗ ಉದುರಿಸುತ್ತದೆ. ನರ್ಸಮ್ಮ ಬೆರಳಿಟ್ಟು ತೋರಿಸಿದ್ದು ಇದನ್ನೇ. ಮೂರನೆಯದು ಸ್ಟೀರಾಯ್ಡ್. ಈ ಮೂರರ ಕೂಟ ಕೆನ್ನೆಯ ಮೇಲೆ ಬರುವ ಬಂಗಿಗಾಗಿ ಇರುವ ಔಷಧ. ಚರ್ಮದ ವೈದ್ಯರು ಬಂಗಿನ ಮೇಲಷ್ಟೇ, ರಾತ್ರಿ ಹೊತ್ತು, ಕೆಲವೇ ವಾರಗಳ ಮಟ್ಟಿಗೆ, ನಡುವೆ ಕರೆದು ನೋಡುತ್ತ ಬರೆದುಕೊಡುತ್ತಾರೆ. ಇಡೀ ಮುಖಕ್ಕೆ ವರ್ಷಗಟ್ಟಲೆ ಹಚ್ಚಲು ಅದನ್ನು ಯಾರೂ ತಯಾರಿಸಿದ್ದಲ್ಲ.

ಈ ಕೂಟದ ಮೂಲ 1975ರ ಅಮೆರಿಕದಲ್ಲಿದೆ. ಆಲ್ಬರ್ಟ್ ಕ್ಲಿಗ್‌ಮನ್ ಎಂಬ ಚರ್ಮವೈದ್ಯ ತನ್ನ ಸಹೋದ್ಯೋಗಿಯೊಂದಿಗೆ ಚರ್ಮದ ಬಣ್ಣ ಇಳಿಸುವ ಹೊಸ ಸೂತ್ರವೊಂದನ್ನು ಪ್ರಕಟಿಸಿದ. ಹೈಡ್ರೋಕ್ವಿನೋನ್ 5, ಟ್ರೆಟಿನಾಯಿನ್ 0.1, ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ 0.1. ಇಂದಿನ ಟ್ಯೂಬುಗಳು ಅದರ ಮಕ್ಕಳು, ಮೊಮ್ಮಕ್ಕಳು. ಸ್ವಾರಸ್ಯವೆಂದರೆ, ನಾಲ್ಕು ವರ್ಷ ಕಳೆದು 1979ರಲ್ಲಿ ಅದೇ ಕ್ಲಿಗ್‌ಮನ್ ಇನ್ನೊಬ್ಬರ ಜೊತೆ ಸೇರಿ ಮತ್ತೊಂದು ಲೇಖನ ಬರೆದ. ಅದರ ವಿಷಯ ಸ್ಟೀರಾಯ್ಡಿಗೆ ಚರ್ಮ ಚಟ ಹಿಡಿಸಿಕೊಳ್ಳುವುದು: ಹಚ್ಚದಿದ್ದರೆ ಉರಿ, ಹಚ್ಚಿದರೆ ಸಮಾಧಾನ, ಹಚ್ಚುತ್ತಾ ಹೋದಂತೆ ಚರ್ಮ ಇನ್ನಷ್ಟು ತೆಳುವು. ತಾವರಗೇರಾದ ಸೊಸೆಯ ಮುಖದ ಮೇಲೆ ಆದದ್ದನ್ನೇ ಆ ಲೇಖನ ನಲವತ್ತು ವರ್ಷಕ್ಕೂ ಹಿಂದೆ ಬರೆದಿಟ್ಟಿದೆ.

ಸ್ಟೀರಾಯ್ಡ್ ಹಚ್ಚಿದರೆ ಮುಖ ಬೆಳ್ಳಗಾಗುವುದು ಯಾಕೆ? ಚರ್ಮದಡಿಯ ಸಣ್ಣ ರಕ್ತನಾಳಗಳನ್ನು ಅದು ಬಿಗಿಸುತ್ತದೆ. ರಕ್ತದ ಹರಿವು ಕಡಿಮೆಯಾದಲ್ಲಿ ಚರ್ಮ ಬಿಳಿಚುತ್ತದೆ. ಈ ಗುಣ ಎಷ್ಟು ಖಚಿತವೆಂದರೆ, 1962ರಲ್ಲಿ ಮೆಕೆಂಜಿ ಮತ್ತು ಸ್ಟೌಟನ್ ಎಂಬಿಬ್ಬರು ಸ್ಟೀರಾಯ್ಡುಗಳ ಶಕ್ತಿ ಅಳೆಯುವುದಕ್ಕೆ ಅದನ್ನೇ ಮಾಪನ ಮಾಡಿಕೊಂಡರು. ಮುಂಗೈಯ ಒಳಬದಿಗೆ ಔಷಧ ಹಚ್ಚಿ, ಮುಚ್ಚಿಟ್ಟು, ಆ ಜಾಗ ಎಷ್ಟು ಬಿಳಿಚಿದೆ ಎಂದು ನೋಡುವುದು. ಹೆಚ್ಚು ಬಿಳಿಚಿದರೆ ಹೆಚ್ಚು ಬಲದ ಔಷಧ. ನಮ್ಮ ಸೊಸೆ ಎರಡೂವರೆ ವರ್ಷ ದಿನಾ ರಾತ್ರಿ ತನ್ನ ಮುಖದ ಮೇಲೆ ಈ ಪರೀಕ್ಷೆಯನ್ನೇ ಮಾಡಿಕೊಂಡಿದ್ದಾಳೆ, ಅಷ್ಟೆ. ಬಂದ ‘ಬಣ್ಣ’ದಲ್ಲಿ ಒಂದು ಪಾಲು ರಕ್ತ ಹರಿಯದೆ ಬಂದ ಬಿಳುಪು. ಜೊತೆಗೆ ಸ್ಟೀರಾಯ್ಡ್ ಊತವನ್ನೂ ತುರಿಕೆಯನ್ನೂ ಅಡಗಿಸುತ್ತದೆ. ಹೀಗಾಗಿ ಮೊದಲ ತಿಂಗಳಲ್ಲಿ ಮೊಡವೆ, ಕಜ್ಜಿ ಯಾವುದಿದ್ದರೂ ಮಾಯವಾದಂತೆ ಕಾಣುತ್ತದೆ.

ಬಿಗಿದ ರಕ್ತನಾಳಗಳು ಬಿಗಿದೇ ಇರುವುದಿಲ್ಲ. ಔಷಧ ನಿಂತ ಕೂಡಲೇ ಅವು ಮೊದಲಿಗಿಂತಲೂ ಹೆಚ್ಚು ಹಿಗ್ಗುತ್ತವೆ. ಮುಖ ಕೆಂಪಾಗುವುದು, ಬಿಸಿಯಾಗುವುದು, ಊದುವುದು ಅದರಿಂದ. ನಿಲ್ಲಿಸಿದ ಮೂರ್ನಾಲ್ಕು ದಿನದಿಂದ ಎರಡು ವಾರದೊಳಗೆ ಸಾಮಾನ್ಯವಾಗಿ ಇದು ಶುರುವಾಗುತ್ತದೆ. ಇತ್ತ ವರ್ಷಗಟ್ಟಲೆ ಹಚ್ಚಿದ್ದರಿಂದ ಚರ್ಮದ ಕೆಳಪದರವೂ ಸೊರಗಿರುತ್ತದೆ, ಮೇಲ್ಪದರ ತೆಳುವಾಗಿರುತ್ತದೆ. ಬಿಸಿಲು, ಬೆವರು, ಸೋಪು, ಒಲೆಯ ಝಳ ಎಲ್ಲವೂ ನೇರ ತಾಗುತ್ತವೆ. ಕೊಪ್ಪಳ ಜಿಲ್ಲೆಯ ಏಪ್ರಿಲ್ ಬಿಸಿಲು ಗಟ್ಟಿ ಚರ್ಮವನ್ನೇ ಬಿಡುವುದಿಲ್ಲ, ಈ ಚರ್ಮವನ್ನು ಬಿಟ್ಟೀತೆ?

ವೈದ್ಯರು ಇದಕ್ಕೆ ಸ್ಟೀರಾಯ್ಡ್ ಹಾನಿಯ ಮುಖ ಎಂದೇ ಹೆಸರಿಟ್ಟಿದ್ದಾರೆ. 2011ರಲ್ಲಿ ದೇಶದ 12 ಕಡೆಯ ಚರ್ಮವೈದ್ಯರು ಸೇರಿ ಒಂದು ಅಧ್ಯಯನ ಪ್ರಕಟಿಸಿದರು. ಮುಖದ ತೊಂದರೆ ಎಂದು ಬಂದ 2926 ಜನರಲ್ಲಿ 433 ಜನ ಮುಖಕ್ಕೆ ಸ್ಟೀರಾಯ್ಡ್ ಹಚ್ಚುತ್ತಿದ್ದರು. ಅವರಲ್ಲಿ ನೂರಕ್ಕೆ 29 ಮಂದಿಗೆ ಅದು ಬಣ್ಣದ ಕ್ರೀಮು ಅಥವಾ ಮುಖಕ್ಕೆ ಸುಮ್ಮನೆ ಹಚ್ಚುವ ಕ್ರೀಮು, ಕೆಲವು ಗಂಡಸರಿಗೆ ಗಡ್ಡ ಹೆರೆದ ಮೇಲೆ ಹಚ್ಚಿಕೊಳ್ಳುವ ಮುಲಾಮು. ಅರ್ಧಕ್ಕಿಂತ ಹೆಚ್ಚು ಮಂದಿಗೆ ಅದನ್ನು ಹಚ್ಚಲು ಹೇಳಿದವರು ಡಾಕ್ಟರಲ್ಲ. ಗೆಳತಿ, ಅಕ್ಕ, ಪಾರ್ಲರಿನವಳು, ಅಂಗಡಿಯವನು ಹೀಗೆ ಯಾರೋ ಒಬ್ಬರು.

ಮತ್ತೆ ಮನೆಯೊಳಕ್ಕೆ ಬರೋಣ. ಎರಡನೆಯ ವಾರದ ಕೊನೆಗೆ ಸೊಸೆಯ ಮುಖ ನೋಡಲಾಗದಂತಾಗಿದೆ. ಮನೆಯವರ ಮಾತುಗಳೂ ಬಗೆಬಗೆ. ನಾದಿನಿ ಕಡಲೆಹಿಟ್ಟು, ಅರಿಸಿನ, ಲಿಂಬೆರಸ ಕಲಸಿ ತಂದಳು. ಪ್ರೀತಿಯಿಂದಲೇ ತಂದದ್ದು. ಹಚ್ಚಿದ ಹತ್ತು ನಿಮಿಷಕ್ಕೆ ಸೊಸೆ ಮುಖ ತೊಳೆಯಲು ಹಿತ್ತಲಿಗೆ ಓಡಿದಳು. ಪಕ್ಕದ ಮನೆಯ ಅಕ್ಕಾರು ‘ಯಾರದೋ ಕಣ್ಣು ಬಿದ್ದೈತಿ’ ಎಂದು ಉಪ್ಪು ಮೆಣಸಿನಕಾಯಿ ನಿವಾಳಿಸಿದರು. ಅದರಿಂದ ಉಪಕಾರವಾಗದಿದ್ದರೂ ಚರ್ಮಕ್ಕೆ ಅಪಕಾರವಂತೂ ಆಗಲಿಲ್ಲ, ಲಿಂಬೆರಸದ ಬಗ್ಗೆ ಹಾಗೆ ಹೇಳುವಂತಿಲ್ಲ. ಗಂಡ ಸಿಂಧನೂರಿಗೆ ಹೋದಾಗ ಹೊಸ ಟ್ಯೂಬು ತಂದು ಕನ್ನಡಿಯ ಹಿಂದೆ ಇಟ್ಟ. ಏನೂ ಅನ್ನಲಿಲ್ಲ. ಆ ಮೌನಕ್ಕೆ ಆಕೆ ಅತ್ತಳು.

ಅತ್ತೆ ಮಾತ್ರ ಅಡ್ಡಗೋಡೆಯ ಮೇಲೆ ದೀಪ ಇಡುವವಳಲ್ಲ. ಸೊಸೆಯ ತಾಯಿಗೆ ಫೋನು ಹಚ್ಚಿದಳು. ‘ಬೀಗತಿ, ಫೋಟೋದಾಗ ಕೆಂಪಗ ಇದ್ಳಲ್ಲ ನಿಮ್ಮ ಮಗಳು, ಅದೆಲ್ಲಾ ಟ್ಯೂಬಿನ ಬಣ್ಣ ಏನು? ಮೊದಲಽ ಹೇಳಬೇಕಿತ್ತಲ್ಲ ನೀವು?’ ತಾಯಿಗೆ ನಾಲಿಗೆ ಕಚ್ಚಿಕೊಳ್ಳುವಂತಾಯಿತು. ಫೋನಿಟ್ಟು ಮಗಳಿಗೆ ಹಚ್ಚಿ ಆಕೆ ಹೇಳಿದ್ದು: ‘ಯವ್ವಾ, ಕೂಸು ಆಗೋತನಕ ಆದ್ರೂ ಹಚ್ಚಿಗೋ. ಆಮ್ಯಾಲ ಬಿಡುವಿಯಂತ.’ ಕೂಸಿಗಾಗಿಯೇ ಬಿಟ್ಟಿದ್ದು ಎಂಬುದು ತಾಯಿಗೆ ಹೊಳೆಯಲಿಲ್ಲ.

ಈ ಮಾತುಗಳಲ್ಲಿ ಬಣ್ಣದ ಮೋಹ ಇಲ್ಲವೆಂದು ನಾನು ಹೇಳುವುದಿಲ್ಲ. ಖಂಡಿತ ಇದೆ, ಅದಕ್ಕೆ ದುಡ್ಡು ಸುರಿದು ನೀರೆರೆದವರೂ ಇದ್ದಾರೆ. 1975ರಲ್ಲಿ ಮಾರುಕಟ್ಟೆಗೆ ಬಂದ ಫೇರ್ ಅಂಡ್ ಲವ್ಲಿ ನಾಲ್ಕೂವರೆ ದಶಕ ಆ ಹೆಸರಿನಲ್ಲೇ ಮಾರಾಟವಾಗಿ, 2020ರಲ್ಲಿ ಗ್ಲೋ ಅಂಡ್ ಲವ್ಲಿ ಆಯಿತು. ಕಪ್ಪಗಿದ್ದವಳಿಗೆ ಕೆಲಸ ಸಿಗದು, ಗಂಡು ಸಿಗದು ಎಂದು ತೋರಿಸುವ ಜಾಹೀರಾತು ಕೂಡದೆಂದು ಜಾಹೀರಾತು ಮಾನದಂಡ ಮಂಡಳಿ 2014ರಲ್ಲಿ ಸೂಚನೆ ಹೊರಡಿಸಬೇಕಾಯಿತು. ಅಂಥ ಸೂಚನೆ ಬೇಕಾಯಿತು ಎಂದರೆ ಅದಕ್ಕೂ ಮುಂಚೆ ಟಿವಿಯಲ್ಲಿ ಏನು ಬರುತ್ತಿತ್ತು ಎಂಬುದು ಓದುಗರಿಗೆ ನೆನಪಿರುತ್ತದೆ. ಆದರೆ ಒಂದು ವ್ಯತ್ಯಾಸ ಇಲ್ಲಿ ಮುಖ್ಯ. ಜಾಹೀರಾತಿನ ಆ ಮಾಮೂಲಿ ಕ್ರೀಮಿನಲ್ಲಿ ಇರುವುದು ನಯಾಸಿನಮೈಡ್ ಎಂಬ ಬಿ ಗುಂಪಿನ ಜೀವಸತ್ವ ಮತ್ತು ಬಿಸಿಲು ತಡೆಯುವ ವಸ್ತುಗಳು. ಅದನ್ನು ಇಂದು ಬಿಟ್ಟರೆ ನಾಳೆ ಮುಖ ಉರಿಯುವುದಿಲ್ಲ, ಯಾರ ಕಣ್ಣಿಗೂ ಬೀಳುವುದಿಲ್ಲ. ಸ್ಟೀರಾಯ್ಡಿನ ಟ್ಯೂಬು ಬಿಟ್ಟರೆ ಇಡೀ ಓಣಿಗೆ ಗೊತ್ತಾಗುತ್ತದೆ. ಹಳ್ಳಿಯಲ್ಲಿ ಎರಡನ್ನೂ ಒಂದೇ ಹೆಸರಿನಲ್ಲಿ ಕರೆಯುವುದರಿಂದ, ‘ನಾನೂ ಕ್ರೀಮು ಬಿಟ್ಟೆ, ನನಗೇನೂ ಆಗಲಿಲ್ಲ’ ಎನ್ನುವವಳ ಮಾತು ಇನ್ನೊಬ್ಬಳಿಗೆ ಉಪಯೋಗಕ್ಕೆ ಬರುವುದಿಲ್ಲ.

ಯಾವುದು ಯಾವುದೆಂದು ಗುರುತಿಸುವುದು ಹೇಗೆ? ಟ್ಯೂಬು ತಿರುಗಿಸಿ ನೋಡಬೇಕು. ಔಷಧದ ಟ್ಯೂಬಾದರೆ ಅದರ ಮೇಲೆ Rx ಎಂಬ ಗುರುತು, ಕೆಂಪು ಗೆರೆ, ವೈದ್ಯರ ಚೀಟಿ ಇಲ್ಲದೆ ಮಾರಬಾರದೆಂಬ ಎಚ್ಚರಿಕೆ ಇರುತ್ತದೆ. ಒಳಗಿನ ವಸ್ತುಗಳ ಹೆಸರಿನಲ್ಲಿ ಬೀಟಾಮೆಥಾಸೋನ್, ಮೊಮೆಟಾಸೋನ್, ಬೆಕ್ಲೋಮೆಥಾಸೋನ್, ಕ್ಲೋಬೆಟಾಸೋಲ್, ಫ್ಲುಯೋಸಿನೋಲೋನ್ ಇವುಗಳಲ್ಲಿ ಯಾವುದಿದ್ದರೂ ಅದು ಸ್ಟೀರಾಯ್ಡ್. ಮಕ್ಕಳು ಇಂಗ್ಲಿಷ್ ಓದುವ ಮನೆಯಲ್ಲಿ ಅವರ ಕೈಗೆ ಕೊಟ್ಟು ‘ಸೋನ್, ಸೋಲ್ ಅಂತ ಮುಗಿಯೂ ಹೆಸರು ಐತೇನು ನೋಡು’ ಎಂದರೂ ಬಹುಪಾಲು ಕೆಲಸ ಆಯಿತು. ಕಾಗದ ಹರಿದುಹೋಗಿದ್ದರೆ ಮುಖವೇ ಹೇಳುತ್ತದೆ. ಒಂದೆರಡು ರಾತ್ರಿ ಹಚ್ಚುವುದು ತಪ್ಪಿದರೆ ಉರಿ ಬರುವುದು ಎಲ್ಲಕ್ಕಿಂತ ಖಚಿತವಾದ ಲಕ್ಷಣ. ಕೆನ್ನೆಯ ಮೇಲೆ ದಾರದ ಎಳೆಯಂಥ ಕೆಂಪು ನಾಳಗಳು, ಮೊದಲಿಲ್ಲದ ನವಿರು ಕೂದಲು, ಬಿಸಿಲಿಗೆ ಹೋದರೆ ತಡೆಯಲಾಗದ ಚುರುಕು ಇವು ಜೊತೆಗೆ ಬರುತ್ತವೆ.

ನಮ್ಮ ಕತೆಯ ಸೊಸೆ ಮೂರನೆಯ ವಾರ ತಮ್ಮನನ್ನು ಕರೆದುಕೊಂಡು ಕೊಪ್ಪಳದ ಬಸ್ಸು ಹತ್ತಿದಳು. ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಚರ್ಮದ ವಿಭಾಗದ ಮುಂದೆ ಸೆರಗು ಮುಖಕ್ಕೆ ಎಳೆದುಕೊಂಡು ಕೂತಳು. ವೈದ್ಯೆ ಮೊದಲು ಕೇಳಿದ್ದು, ‘ತಿಂಗಳಿಗೆ ಎಷ್ಟು ಟ್ಯೂಬು ಖಾಲಿ ಆಗ್ತಿತ್ತು?’ ಎರಡು ಎಂದಳು. ತಿಂಗಳಿಗೆ 30 ಗ್ರಾಂ, ವರ್ಷಕ್ಕೆ 360 ಗ್ರಾಂ. ಎರಡೂವರೆ ವರ್ಷಕ್ಕೆ ಲೆಕ್ಕ ಹಾಕಿದರೆ ಒಂದು ಕಿಲೋಗೆ ನೂರೇ ಗ್ರಾಂ ಕಡಿಮೆ. ಈ ಲೆಕ್ಕ ವೈದ್ಯರಿಗೆ ಬಹಳ ಮುಖ್ಯ. ಯಾವ ಔಷಧ, ಎಷ್ಟು ಬಲದ್ದು, ಎಷ್ಟು ಕಾಲ ಎಂಬುದರ ಮೇಲೆಯೇ ಅದನ್ನು ಒಮ್ಮೆಲೇ ನಿಲ್ಲಿಸುವುದೋ, ಕಡಿಮೆ ಬಲದ್ದಕ್ಕೆ ಇಳಿಸಿ ಮೆಲ್ಲಗೆ ಬಿಡಿಸುವುದೋ ನಿರ್ಧಾರವಾಗುತ್ತದೆ. ಹಳೆಯ ಟ್ಯೂಬುಗಳನ್ನು ಎಸೆಯದೆ ಜೊತೆಗೆ ಒಯ್ಯಬೇಕು. ಕಣ್ಣಿನ ರೆಪ್ಪೆಯ ತನಕ ಹಚ್ಚುತ್ತಿದ್ದರೆ ಅದನ್ನೂ ಹೇಳಬೇಕು. ಅಲ್ಲಿ ಹಚ್ಚಿದ ಸ್ಟೀರಾಯ್ಡ್ ಕಣ್ಣಿನೊಳಗಿನ ಒತ್ತಡ ಏರಿಸಬಲ್ಲದು.

ಚಿಕಿತ್ಸೆಯಲ್ಲಿ ಗಾರುಡಿ ಏನಿಲ್ಲ, ಬೇಸರ ಬರುವಷ್ಟು ಸಾದಾ. ಮುಖಕ್ಕೆ ತಣ್ಣೀರು, ಸುವಾಸನೆ ಇಲ್ಲದ ಸಾದಾ ತೇವಕಾರಕ ಕ್ರೀಮು, ಹಗಲು ಬಿಸಿಲು ತಡೆಯುವ ಲೇಪ, ಉರಿ ಹೆಚ್ಚಾದಾಗ ತಣ್ಣೀರಲ್ಲಿ ಹಿಂಡಿದ ಮೆತ್ತನೆ ಬಟ್ಟೆ. ಊತ ಇಳಿಸಲು ಟ್ಯಾಕ್ರೋಲಿಮಸ್‌ನಂಥ, ಸ್ಟೀರಾಯ್ಡ್ ಅಲ್ಲದ ಮುಲಾಮನ್ನು ವೈದ್ಯರು ಕೊಡುವುದುಂಟು. ಗುಳ್ಳೆಗಳಿಗೆ ನುಂಗುವ ಮಾತ್ರೆಗಳಿವೆ, ಆದರೆ ಅವುಗಳಲ್ಲಿ ಡಾಕ್ಸಿಸೈಕ್ಲಿನ್‌ನಂಥವು ಬಸುರಿಯರಿಗೆ ಆಗಿಬರುವುದಿಲ್ಲವಾದ್ದರಿಂದ ಕೂಸಿನ ಯೋಚನೆ ಇರುವವರು ಮೊದಲೇ ಹೇಳಬೇಕು. ಉಜ್ಜುವುದು, ಆವಿ ತೆಗೆದುಕೊಳ್ಳುವುದು, ಬ್ಲೀಚ್, ಫೇಶಿಯಲ್, ಅರಿಸಿನ, ಲಿಂಬೆ ಯಾವುದೂ ಬೇಡ. ಎಷ್ಟು ದಿನ? ಕೆಲವರಿಗೆ ಕೆಲವು ವಾರ, ಹಲವರಿಗೆ ತಿಂಗಳುಗಳು. ಮುಖ ಒಂದು ವಾರ ತಿಳಿಯಾಗಿ ಮರುವಾರ ಮತ್ತೆ ಕೆರಳುವುದೂ ಉಂಟು. ಅದು ಸೋಲಲ್ಲ, ಅದರ ದಾರಿಯೇ ಹಾಗೆ. ಗುಣವಾದ ಮೇಲೂ ಕೆಲವರ ಕೆನ್ನೆಯ ಕೆಂಪು ಎಳೆಗಳು ಉಳಿಯಬಹುದು. ಹೈಡ್ರೋಕ್ವಿನೋನನ್ನು ವರ್ಷಗಟ್ಟಲೆ ಹಚ್ಚಿದವರಲ್ಲಿ ನೀಲಿಗಪ್ಪು ಮಚ್ಚೆಗಳು ಮೂಡುವುದಿದೆ. ಬೆಳ್ಳಗಾಗಲು ಹಚ್ಚಿದ್ದು ಕಪ್ಪು ಮಾಡಿ ಹೋಗುವ ಆ ಮಚ್ಚೆ ತೆಗೆಯುವುದು ಬಲು ಕಷ್ಟ.

ವೈದ್ಯೆ ಇನ್ನೊಂದು ಕೆಲಸ ಮಾಡಿದಳು. ‘ಮುಂದಿನ ಸಲ ಮನ್ಯಾಗಿನವ್ರನ್ನ ಕರಕೊಂಡು ಬರ್ರಿ, ಅತ್ತೀನೂ ಬರಲಿ’ ಎಂದಳು. ನನ್ನ ಮಟ್ಟಿಗೆ ಚೀಟಿಯಲ್ಲಿ ಬರೆದ ಎಲ್ಲ ಔಷಧಕ್ಕಿಂತ ಇದೇ ದೊಡ್ಡದು. ಈ ಟ್ಯೂಬು ಬಿಡಲು ಹೋದವರು ಸೋಲುವುದು ಎರಡನೆಯ, ಮೂರನೆಯ ವಾರದಲ್ಲಿ. ಮನೆಯವರ ಕಣ್ಣೆದುರು ಮುಖ ತೀರಾ ಕೆಟ್ಟಿರುವಾಗ. ಆ ವಾರಗಳು ಬಂದೇ ಬರುತ್ತವೆ, ಬಂದು ಹೋಗುತ್ತವೆ ಎಂದು ಮನೆಗೆ ಮುಂಚೆಯೇ ಗೊತ್ತಿದ್ದರೆ ಹೊಸ ಟ್ಯೂಬು ತರುವ ಕೈ ತಡೆಯುತ್ತದೆ.

ಅತ್ತೆ ಬಂದಳು, ಆದರೆ ಸೊಸೆಗಾಗಿ ಬಂದದ್ದಲ್ಲ. ಅವಳ ತೊಡೆಸಂದಿಯಲ್ಲಿ ಮಳೆಗಾಲದಿಂದ ಹುಳಕಡ್ಡಿ. ಔಷಧ ಅಂಗಡಿಯಿಂದ ತಂದ ಮುಲಾಮು ಹಚ್ಚಿದರೆ ಎರಡು ದಿನ ತುರಿಕೆ ನಿಲ್ಲುತ್ತಿತ್ತು, ಬಿಟ್ಟರೆ ಮೊದಲಿಗಿಂತ ಅಗಲವಾಗಿ ಹರಡುತ್ತಿತ್ತು. ವೈದ್ಯೆ ಅವಳ ಟ್ಯೂಬು ಕೇಳಿ ತಿರುಗಿಸಿದಳು. ಶಿಲೀಂಧ್ರದ ಔಷಧ, ಬ್ಯಾಕ್ಟೀರಿಯಾದ ಔಷಧ, ಜೊತೆಗೆ ಕ್ಲೋಬೆಟಾಸೋಲ್ ಎಂಬ ಬಲು ಜೋರಿನ ಸ್ಟೀರಾಯ್ಡ್. ಸ್ಟೀರಾಯ್ಡ್ ತುರಿಕೆ ಅಡಗಿಸುತ್ತದೆ, ದೇಹದ ಪ್ರತಿರೋಧವನ್ನೂ ಅಡಗಿಸುತ್ತದೆ. ಹುಳಕಡ್ಡಿಗೆ ಹಬ್ಬವೋ ಹಬ್ಬ. ದೇಶದೆಲ್ಲೆಡೆ ಚರ್ಮವೈದ್ಯರು ಇಂದು ತಲೆ ಚಚ್ಚಿಕೊಳ್ಳುತ್ತಿರುವ, ವಾಸಿಯಾಗದ ಹುಳಕಡ್ಡಿಯ ಹಿಂದಿನ ಕಾರಣಗಳಲ್ಲಿ ಈ ಮಿಶ್ರಣದ ಟ್ಯೂಬುಗಳೂ ಒಂದು. ‘ನಿಮ್ಮ ಸೊಸಿ ಮಾರಿಗೆ ಹಚ್ಚಿದ್ದೂ ನೀವು ಹಚ್ಚಿದ್ದೂ ಒಂದಽ ಜಾತಿ ಔಷಧ ಅಮ್ಮಾ’ ಎಂದಳು ವೈದ್ಯೆ. ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನಂದು ಬಿಟ್ರ ಜಾಸ್ತಿ ಆಗ್ತೈತಿ, ಆಕೀದೂ ಹಂಗಽ ಅನ್ರಿ’ ಎಂದಳು. ವಿಜ್ಞಾನ ಅವಳಿಗೆ ಅರ್ಥವಾದದ್ದು ತನ್ನ ತುರಿಕೆಯ ಮೂಲಕ. ಹಾಗೆಂದು ಸೊಸೆಯ ಬಣ್ಣದ ಮೇಲಿನ ಅಸಮಾಧಾನ ಹೋಯಿತೆಂದು ತಿಳಿಯಬೇಡಿ. ಬೀಗತಿಯ ಮೇಲಿನ ಸಿಟ್ಟು ಇನ್ನೂ ಹಾಗೆಯೇ ಇದೆ. ಹೊಸ ಟ್ಯೂಬು ಮಾತ್ರ ಕನ್ನಡಿಯ ಹಿಂದಿನಿಂದ ಹೋಯಿತು.

ನಾಲ್ಕು ತಿಂಗಳಿಗೆ ಸೊಸೆಯ ಮುಖ ಅವಳ ತೋಳಿನ ಒಳಬದಿಯ ಬಣ್ಣದ ಹತ್ತಿರ ಬಂತು. ಬಿಸಿಲು ಕಾಣದ ಆ ಜಾಗದ ಬಣ್ಣವೇ ಒಬ್ಬರ ಹುಟ್ಟುಬಣ್ಣ. ಯಾವ ಕ್ರೀಮೂ ಅದಕ್ಕಿಂತ ತಿಳಿಯಾದ ಬಣ್ಣವನ್ನು ಆರೋಗ್ಯವಾಗಿ ಕೊಡಲಾರದು. ಗಂಡ ಈಗಲೂ ಹೆಚ್ಚು ಮಾತಾಡುವುದಿಲ್ಲ. ಒಮ್ಮೆ, ‘ಅವಾಗ ಮುಟ್ಟಿದ್ರ ಉರೀತೈತಿ ಅಂತಿದ್ದಿ, ಈಗ ಅನ್ನಂಗಿಲ್ಲ’ ಎಂದನಂತೆ.

ಈ ಕತೆಗೆ ಪಕ್ಕದ ಕೇರಳದಿಂದ ಒಂದು ಅನುಬಂಧವಿದೆ, ಅದು ಕಟ್ಟುಕತೆಯಲ್ಲ. ಮಲಪ್ಪುರಂ ಜಿಲ್ಲೆಯ ಕೋಟ್ಟಕ್ಕಲ್‌ನ ಆಸ್ಪತ್ರೆಯೊಂದರ ಮೂತ್ರಪಿಂಡ ವೈದ್ಯರು 2021ರ ಜುಲೈಯಿಂದ 2023ರ ಸೆಪ್ಟೆಂಬರ್‌ವರೆಗೆ ತಮ್ಮಲ್ಲಿಗೆ ಬಂದ, ಮೂತ್ರದಲ್ಲಿ ಪ್ರೋಟೀನ್ ಸೋರುವ ಒಂದು ಬಗೆಯ ಕಾಯಿಲೆಯ 22 ಮಂದಿಯನ್ನು ಪರಿಶೀಲಿಸಿದರು. 15 ಮಂದಿಯಲ್ಲಿ ಕಾಯಿಲೆಯ ಒಂದು ಅಪರೂಪದ ರೂಪ ಕಂಡಿತು. ಅವರಲ್ಲಿ 13 ಜನ ಬಣ್ಣದ ಕ್ರೀಮು ಹಚ್ಚುತ್ತಿದ್ದರು. ಆ ಕ್ರೀಮುಗಳಲ್ಲಿದ್ದದ್ದು ಪಾದರಸ. ಬಣ್ಣ ತಯಾರಿಸುವ ಕಿಣ್ವವನ್ನು ಪಾದರಸ ತಡೆಯುತ್ತದೆ, ಚರ್ಮದ ಮೂಲಕ ರಕ್ತಕ್ಕಿಳಿದು ಮೂತ್ರಪಿಂಡದಲ್ಲಿ ಕೂರುತ್ತದೆ. ಇಂಥ ಡಬ್ಬಿಗಳ ಮೇಲೆ ಸಾಮಾನ್ಯವಾಗಿ ತಯಾರಕರ ಸರಿಯಾದ ವಿಳಾಸವಿರುವುದಿಲ್ಲ, ಒಳಗೇನಿದೆ ಎಂದು ಬರೆದಿರುವುದಿಲ್ಲ. ಇದನ್ನು ಬಿಡಲು ವಾರಗಳ ಲೆಕ್ಕವಿಲ್ಲ, ಆ ಕ್ಷಣವೇ ಬಿಡಬೇಕು. ಕಾಲು ಊದುವುದು, ಬೆಳಗ್ಗೆ ಕಣ್ಣಿನ ಸುತ್ತ ಊತ, ಮೂತ್ರದಲ್ಲಿ ನೊರೆ ಕಂಡರೆ ಮೂತ್ರ ಪರೀಕ್ಷೆ ಮಾಡಿಸಬೇಕು. ಅದು ತಾಲ್ಲೂಕು ಆಸ್ಪತ್ರೆಯಲ್ಲೂ ಆಗುವ ಪರೀಕ್ಷೆ.

ಕಾನೂನು ಸುಮ್ಮನೆ ಕೂತಿಲ್ಲ. ಭಾರತೀಯ ಚರ್ಮವೈದ್ಯರ ಸಂಘ ವರ್ಷಗಟ್ಟಲೆ ಬೆನ್ನುಹತ್ತಿದ ಮೇಲೆ, 2018ರ ಮಾರ್ಚ್‌ನಲ್ಲಿ ಕೇಂದ್ರ ಸರಕಾರ ಚರ್ಮಕ್ಕೆ ಹಚ್ಚುವ ಹಲವು ಸ್ಟೀರಾಯ್ಡುಗಳಿಗಿದ್ದ ವಿನಾಯಿತಿ ತೆಗೆದು ಅವನ್ನು ಶೆಡ್ಯೂಲ್ ಎಚ್ ಕೆಳಗೆ ತಂದಿತು. ಅಂದರೆ ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ. ಆದರೂ ಕೌಂಟರಿನ ಮುಂದೆ ನಿಂತು ಖಾಲಿ ಟ್ಯೂಬು ತೋರಿಸಿದರೆ ಹೊಸದು ಕೈಗೆ ಬರುವ ಅಂಗಡಿಗಳಿಗೆ ಬರವಿಲ್ಲ. ಈ ಲೇಖನ ಓದಿದ ಮೇಲೆ ನಿಮ್ಮ ಮನೆಯ ಕನ್ನಡಿಯ ಹಿಂದೆ, ಗೂಡಿನಲ್ಲಿ, ಹೆಣ್ಣುಮಕ್ಕಳ ಪರ್ಸಿನಲ್ಲಿ ಇರುವ ಟ್ಯೂಬನ್ನು ಒಮ್ಮೆ ತಿರುಗಿಸಿ ಓದಿ. ಮೇಲೆ ಹೇಳಿದ ಹೆಸರುಗಳಲ್ಲಿ ಒಂದಿದ್ದರೆ, ತಿಂಗಳುಗಟ್ಟಲೆ ಹಚ್ಚಿದ್ದರೆ, ಬಿಡುವ ಮುಂಚೆ ಚರ್ಮದ ವೈದ್ಯರನ್ನು ಕಾಣಿ. ಹೋಗುವಾಗ ಟ್ಯೂಬನ್ನೂ ಅತ್ತೆಯನ್ನೂ ಜೊತೆಗೆ ಕರೆದೊಯ್ಯಿರಿ.